ಖುಲಾಸೆ ರಾಯರು

ಸಬ್ ರಿಜಿಸ್ಟ್ರಾರ್ ಕಚೇರಿ ಇರುವ ಊರಲ್ಲೆಲ್ಲ ಅದರ ಎದುರಿಗೆ ಒಂದು ಹೊಂಗೆ ಮರವೂ ಮರದ ಕೆಳಗೊಬ್ಬ ಪತ್ರ ಬರಹಗಾರರೂ ಇದ್ದೇ ಇರುತ್ತಾರೆ. ಮಡಚುವ ಮೇಜು, ದಾರ ಕಟ್ಟಿದ ಕನ್ನಡಕ, ಜೇಬಿನಲ್ಲಿ ನೀಲಿ, ಕಪ್ಪು, ಕೆಂಪು ಮೂರು ಪೆನ್ನು. ಕಕ್ಷಿದಾರ ಬಾಯಿ ತೆರೆಯುವ ಮೊದಲೇ ಅವನ ತಾತನ ಹೆಸರು ಕೇಳುತ್ತಾರೆ. ಈಗ ಕಾವೇರಿ ತಂತ್ರಾಂಶ ಬಂದು ಎಲ್ಲ ಆನ್‌ಲೈನ್ ಆಗಿದೆಯಲ್ಲ ಅಂದರೆ, "ಆನ್‌ಲೈನಲ್ಲಿ ಹೋಗೋದು ಪತ್ರ ತಾನೆ? ಪತ್ರ ಬರೆಯೋರು ಯಾರು?" ಎಂದು ತಿರುಗಿ ಕೇಳುತ್ತಾರೆ.

ನಮ್ಮೂರಿನ ಪತ್ರ ಬರಹಗಾರರಿಗೆ ಖುಲಾಸೆ ರಾಯರು ಎಂದೇ ಹೆಸರು. ಜಂಟಿ ಆಸ್ತಿಯಲ್ಲಿ ತನ್ನ ಭಾಗವನ್ನು ಅಣ್ಣನಿಗೋ ತಂಗಿಗೋ ಬಿಟ್ಟುಕೊಡುವವರು ಬರೆಸುವ ಹಕ್ಕು ಖುಲಾಸೆ ಪತ್ರದಲ್ಲಿ ಅವರದು ಎತ್ತಿದ ಕೈ. ಅವರು ಬರೆದ ಪತ್ರದ ಮೇಲೆ ಅಣ್ಣತಮ್ಮಂದಿರು ಆಮೇಲೆ ಕೋರ್ಟಿಗೆ ಹೋಗಿದ್ದು ಕಡಿಮೆ. ಈ ಹೆಸರು ಹಬ್ಬಿದ್ದರಿಂದಲೋ ಏನೋ, ಇತ್ತೀಚೆಗೆ ಅವರ ಮೇಜಿಗೆ ಇನ್ನೊಂದು ಬಗೆಯ ಕಕ್ಷಿದಾರರು ಬರತೊಡಗಿದ್ದಾರೆ. ಇವರ ಕೈಯಲ್ಲಿ ಪಹಣಿ ಇರುವುದಿಲ್ಲ, ಮೊಬೈಲ್ ಇರುತ್ತದೆ. ಮುಖ ಸಣ್ಣಗಾಗಿರುತ್ತದೆ. ಅಕ್ಕಪಕ್ಕ ನೋಡಿ, "ರಾಯರೇ, ಒಂದು ಮೆಸೇಜ್ ಕಳಿಸ್ಬೇಕಿತ್ತು" ಅನ್ನುತ್ತಾರೆ. ರಾಯರು ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ, "ಬಿಡೋರು ನೀವೋ, ಅವರೋ?" ಎನ್ನುತ್ತಾರೆ.

ಮೊನ್ನೆ ಹೀಗೆ ಬಂದವನು ಅವರ ಸ್ವಂತ ಅಣ್ಣನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಹುಡುಗಿಯದು ಎರಡು ವರ್ಷದ ಪರಿಚಯ, ಆರು ತಿಂಗಳ ಹಿಂದೆ ಅವಳಿಗೆ ಪುಣೆಗೆ ವರ್ಗವಾಗಿದೆ. ನಾನು ನನ್ನ ಸೈಟಿನ ಚೆಕ್ಕುಬಂದಿ ಸರಿಮಾಡಿಸಲು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಎದ್ದು ಹೋಗುವ ಸಭ್ಯತೆ ನನಗಿತ್ತು, ಆದರೆ ರಾಯರು, "ನೀವಿರಿ, ಪತ್ರ ಅಂದ್ಮೇಲೆ ಸಾಕ್ಷಿ ಬೇಕು" ಎಂದು ಕೂರಿಸಿದರು. ಹುಡುಗನ ಕರಡು ಹೀಗಿತ್ತು:

"ಹಾಯ್. ತುಂಬಾ ಯೋಚನೆ ಮಾಡಿದೆ. ಸದ್ಯಕ್ಕೆ ಇದು ವರ್ಕೌಟ್ ಆಗ್ತಿಲ್ಲ ಅನ್ಸುತ್ತೆ. ಮನೇಲೂ ಒಪ್ಪಲ್ಲ. ನೀನು ಎಲ್ಲದಕ್ಕೂ ಓವರ್ ರಿಯಾಕ್ಟ್ ಮಾಡ್ತೀಯ, ಅದೂ ಒಂದು ಕಾರಣ. ನಿನಗೆ ನನಗಿಂತ ಒಳ್ಳೆಯವನು ಸಿಗ್ತಾನೆ. ಫ್ರೆಂಡ್ಸ್ ಆಗಿರೋಣ. ಟೇಕ್ ಕೇರ್. ಆಲ್ ದಿ ಬೆಸ್ಟ್."

ರಾಯರು ಕೊನೆಯಿಂದ ಶುರು ಮಾಡಿದರು. "ಆಲ್ ದಿ ಬೆಸ್ಟ್ ಯಾಕೋ? ಅವಳೇನು ಎಸ್ಸೆಸ್ಸೆಲ್ಸಿ ಬರೆಯಕ್ಕೆ ಹೋಗ್ತಿದ್ದಾಳಾ?"

"ಸುಮ್ನೆ ಮುಗಿಸಕ್ಕೆ ಹಾಕಿದೆ ಚಿಕ್ಕಪ್ಪ."

"ಸುಮ್ನೆ ಹಾಕಿದ್ದೆಲ್ಲ ತೆಗಿ. ಎರಡು ವರ್ಷ ಜೊತೆಗಿದ್ದೋಳಿಗೆ ಮೆಸೇಜಲ್ಲಿ ಹೇಳೋದೇ ದಾರ್ಷ್ಟ್ಯ, ಅದರಲ್ಲೂ ಸುಮ್ನೆ ಅಂತೆ."

ಫೋನಿನಲ್ಲಿ ಹೇಳಲು ಯಾಕೆ ಆಗುವುದಿಲ್ಲ ಎಂಬ ಬಗ್ಗೆ ಸ್ವಲ್ಪ ವಿಚಾರಣೆ ನಡೆಯಿತು. ಎರಡು ಸಲ ಫೋನ್ ಮಾಡಿದ್ದನಂತೆ. ಅವಳು ಅತ್ತ ಕೂಡಲೇ ಇವನು, "ಇಲ್ಲ ಇಲ್ಲ, ತಮಾಷೆ ಮಾಡ್ದೆ" ಎಂದು ಮಾತು ಬದಲಿಸಿ, ಬರುವ ತಿಂಗಳು ಪುಣೆಗೆ ಬರುತ್ತೇನೆಂದು ಟಿಕೆಟ್ಟನ್ನೂ ಮಾಡಿಸಿಬಿಟ್ಟಿದ್ದ. ರಾಯರು ತಲೆ ಚಚ್ಚಿಕೊಂಡರು. ಇಂಥ ಆಸಾಮಿಗೆ ಮೆಸೇಜೇ ಮೇಲು ಎಂದು ತೀರ್ಪಾಯಿತು. ನಿರ್ಧಾರ ಬರಹದಲ್ಲಿ ಮೊದಲು ಹೋಗಲಿ. ಅವಳು ಒಬ್ಬಳೇ ಕೂತು ಓದಲಿ, ಇವನೆದುರು ಮುಖ ಸರಿಮಾಡಿಕೊಳ್ಳುವ ಕಷ್ಟ ಬೇಡ. ಮಾತು ಆಮೇಲೆ ಫೋನಿನಲ್ಲಿ.

ಆಮೇಲೆ ಕೆಂಪು ಪೆನ್ನು 'ಮನೇಲೂ ಒಪ್ಪಲ್ಲ' ಎಂಬಲ್ಲಿಗೆ ಬಂದು ನಿಂತಿತು. ನಮ್ಮ ಕಡೆ ಇದಕ್ಕಿಂತ ಹೆಚ್ಚು ಬಳಕೆಯಾದ ವಾಕ್ಯ ಇನ್ನೊಂದಿಲ್ಲ. ಜಾತಿ, ಜಾತಕ, ಅಮ್ಮನ ಬಿಪಿ, ಅಜ್ಜಿಯ ಕೊನೆಯಾಸೆ ಎಲ್ಲವೂ ಈ ಎರಡು ಮಾತಿನಲ್ಲಿ ಮುಗಿದುಹೋಗುತ್ತವೆ. ನಿಜವಾಗಿಯೂ ಮನೆಯವರ ಕಾಟಕ್ಕೆ ಬಿಟ್ಟವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಸಾಲು ಅದೇ ಆದ್ದರಿಂದ ಯಾರದು ಅಸಲಿ, ಯಾರದು ನಕಲಿ ಎಂದು ಹೇಳಲು ಬರುವುದಿಲ್ಲ. ರಾಯರಿಗೆ ಮಾತ್ರ ಇಲ್ಲಿ ಅನುಕೂಲವಿತ್ತು, ಮನೆ ಅವರದೇ.

"ಯಾರೋ ಒಪ್ದೇ ಇರೋರು? ನಿಮ್ಮಪ್ಪನ್ನ ಕೇಳಿದ್ಯಾ?"

"ಇಲ್ಲ."

"ನಿಮ್ಮಮ್ಮನ್ನ?"

"ಇಲ್ಲ. ಆದ್ರೂ ಒಪ್ಪಲ್ಲ ಅನ್ಸುತ್ತೆ ಚಿಕ್ಕಪ್ಪ."

"ನಿಮ್ಮಪ್ಪ ಹೋದ್ವಾರ, ಇವನಿಗೆ ಯಾರಾದ್ರೂ ಇದ್ರೆ ಹೇಳಿಬಿಡ್ಲಪ್ಪ, ನಂಗೆ ಹೆಣ್ಣು ಹುಡುಕೋ ಅಲೆದಾಟ ತಪ್ಪುತ್ತೆ ಅಂತಿದ್ದ!"

ಹುಡುಗ ಹೊಂಗೆ ಮರದ ಎಲೆ ಎಣಿಸತೊಡಗಿದ. ರಾಯರು ಒಂದು ಹಳೆಯ ಖುಲಾಸೆ ಪತ್ರ ತೆಗೆದು ಮುಂದಿಟ್ಟರು. ಅದರಲ್ಲಿ ಎಂದಿನಂತೆ, ಯಾರ ಬಲವಂತಕ್ಕೂ ಒಳಗಾಗದೆ ಸ್ವಇಚ್ಛೆಯಿಂದ ಬರೆದುಕೊಟ್ಟಿದ್ದೇನೆ ಎಂದಿತ್ತು. "ಇದು ಓದು. ನೀನು ಮನೆಯೋರ ಮೇಲೆ ಹಾಕಿದೆ ಅಂತಿಟ್ಕೋ. ಆ ಹುಡುಗಿ ಒಳ್ಳೆಯವಳು, ನಿನ್ನ ನಂಬ್ತಾಳೆ. ನಂಬಿ, ಹಾಗಾದ್ರೆ ನಾನೇ ಬಂದು ಅಂಕಲ್ ಹತ್ರ ಮಾತಾಡ್ತೀನಿ ಅಂತ ಬಸ್ ಹತ್ತಿ ಬರ್ತಾಳೆ. ನಿಮ್ಮಪ್ಪ ಕಾಫಿ ಕೊಟ್ಟು ಮುಹೂರ್ತ ಇಡ್ತಾನೆ. ಆಗೇನು ಮಾಡ್ತೀಯ?"

ಇಲ್ಲಿ ರಾಯರು ಪೆನ್ನು ಕೆಳಗಿಟ್ಟು ಸ್ವಲ್ಪ ನಿಧಾನವಾಗಿ ಮಾತಾಡಿದರು. ಸರಿಪಡಿಸಬಹುದಾದ ಕಾರಣ ಕೊಟ್ಟರೆ ಎದುರಿನವರು ಸರಿಪಡಿಸಲು ಹೊರಡುತ್ತಾರೆ, ಅದು ಅವರ ತಪ್ಪಲ್ಲ. ಟೈಮ್ ಕೊಡಕ್ಕಾಗ್ತಿಲ್ಲ ಅಂದರೆ, ವಾರಕ್ಕೊಂದೇ ಸಲ ಫೋನ್ ಮಾಡು ಸಾಕು ಅನ್ನುತ್ತಾರೆ. ದೂರ ಅಂದರೆ ಕೆಲಸ ಬಿಟ್ಟು ಬರುತ್ತಾರೆ. ಆಮೇಲೆ ನೀನು ಹೊಸ ಕಾರಣ ಹುಡುಕಬೇಕು. ಹೀಗೆ ಮೂರು ಕಾರಣ ಬದಲಾದ ಮೇಲೆ ಯಾವುದನ್ನೂ ಅವಳು ನಂಬುವುದಿಲ್ಲ, ತನ್ನಲ್ಲೇ ಏನೋ ಕೊರತೆ ಎಂದುಕೊಂಡು ವರ್ಷಗಟ್ಟಲೆ ಕೊರಗುತ್ತಾಳೆ.

"ನಿಜ ಏನು ಹೇಳು."

ಬಹಳ ಹೊತ್ತಿನ ಮೇಲೆ ಹುಡುಗ ಹೇಳಿದ. "ಅವಳು ಮದುವೆ ಅಂದಾಗೆಲ್ಲ ಹೂಂ ಅಂದೆ. ಮನಸ್ಸಿರಲಿಲ್ಲ. ಹೇಳಕ್ಕೆ ಧೈರ್ಯ ಬರ್ಲಿಲ್ಲ."

"ಹಾಂ. ಇದನ್ನ ಬರಿ. ಇಷ್ಟೇ ಕಾರಣ."

"ಮತ್ತೆ ಓವರ್ ರಿಯಾಕ್ಟ್?"

"ಲೋ, ಭಾಗ ಬಿಟ್ಟುಕೊಡೋನು ಜಮೀನು ಚೌಳು ಅಂತ ಪತ್ರದಲ್ಲಿ ಬರೆಸ್ತಾನೇನೋ? ಬಿಡ್ತಿದೀಯ, ಬಿಡು. ಅವಳ ಗುಣದೋಷ ಇನ್ನು ನಿನ್ನ ಲೆಕ್ಕಕ್ಕೆ ಬರಲ್ಲ."

ಪ್ರಾಮಾಣಿಕತೆ ಎಂದರೆ ಮನಸ್ಸಿಗೆ ಬಂದ ನಿಜವನ್ನೆಲ್ಲ ಸುರಿಯುವುದು ಎಂದು ಹುಡುಗರು ತಿಳಿದಿರುತ್ತಾರೆ. ರಾಯರ ಪ್ರಕಾರ ನಿರ್ಧಾರಕ್ಕೆ ಬೇಕಾದ ನಿಜ ಒಂದೇ ಇರುತ್ತದೆ, ಉಳಿದದ್ದು ಹೊಡೆತ. ಅದನ್ನು ಪತ್ತೆಮಾಡಲು ಅವರಲ್ಲಿ ಒಂದು ವಿಧಾನವಿದೆ. ಬರೆದಿದ್ದನ್ನು ಅವರೇ ಹುಡುಗಿಯ ಸ್ಥಾನದಲ್ಲಿ ಕೂತು ಗಟ್ಟಿಯಾಗಿ ಓದಿ ಉತ್ತರ ಕೊಡುತ್ತಾರೆ. ಅರವತ್ತು ದಾಟಿದ, ಎಲೆಅಡಿಕೆ ಹಾಕಿದ ಬಾಯಿಂದ "ನಾನೇನು ಓವರ್ ರಿಯಾಕ್ಟ್ ಮಾಡ್ದೆ? ಅವತ್ತು ನನ್ನ ಬರ್ತ್‌ಡೇ ಮರೆತಿದ್ದು ಯಾರು?" ಎಂದು ಬಂದಾಗ ಪಕ್ಕದ ಸ್ಟ್ಯಾಂಪ್ ವೆಂಡರ್ ಕೂಡ ತಿರುಗಿ ನೋಡಿದ. ಉತ್ತರ ಹೀಗೆ ವಾದವಾಗಿ ಬಂದರೆ ಆ ಸಾಲು ಆಪಾದನೆ, ಹೊಡೆದುಹಾಕು. "ಹಾಗಾದ್ರೆ ಸ್ವಲ್ಪ ದಿನ ಕಾಯ್ಲಾ?" ಎಂದು ಬಂದರೆ ಎಲ್ಲೋ ಆಸೆಗೆ ಜಾಗ ಉಳಿದಿದೆ, ಹುಡುಕು. ಹುಡುಕಿದಾಗ ಸಿಕ್ಕಿದ್ದು 'ಸದ್ಯಕ್ಕೆ' ಮತ್ತು 'ಅನ್ಸುತ್ತೆ'. ಎರಡೂ ಹೋದವು. 'ಫ್ರೆಂಡ್ಸ್ ಆಗಿರೋಣ' ಎಂಬುದೂ ಹೋಯಿತು. ಅದು ಬಿಟ್ಟವನ ಸಮಾಧಾನಕ್ಕೆ ಹಾಕುವ ಸಾಲು, ಬೇಕಾದರೆ ವರ್ಷ ಕಳೆದು ಅವಳೇ ಕೇಳಲಿ ಎಂದರು. 'ಒಳ್ಳೆಯವನು ಸಿಗ್ತಾನೆ' ಎಂಬಲ್ಲಿ ರಾಯರಿಗೆ ನಿಜವಾಗಿಯೂ ಸಿಟ್ಟು ಬಂತು. "ಅವಳು ನಿನ್ನ ಹತ್ರ ವರ ಹುಡುಕಿಕೊಡು ಅಂದ್ಳಾ?"

ಎಲ್ಲರಿಗೂ ಇದೇ ಪಾಠ ಎಂದುಕೊಳ್ಳಬಾರದು. ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗಿ ಬಂದಿದ್ದಳು. ಅವಳ ಗೆಳೆಯ ಬಿಟ್ಟರೆ ಸಾಯುತ್ತೇನೆ, ಸಾಯಿಸುತ್ತೇನೆ ಎಂದು ಹೆದರಿಸುವವನು. ಅವಳು ಒಂದು ಪುಟ ವಿವರಣೆ ಬರೆದು ತಂದಿದ್ದಳು. ರಾಯರು ಅದನ್ನು ಮಡಚಿ ವಾಪಸ್ ಕೊಟ್ಟು, "ಎರಡು ಸಾಲು ಸಾಕಮ್ಮ. ಮುಗೀತು, ಇನ್ನು ಸಂಪರ್ಕ ಬೇಡ. ಕಾರಣ ಹೇಳ್ಬೇಡ, ಕೊನೇ ಸಲ ಅಂತ ಭೇಟಿ ಮಾಡ್ಬೇಡ. ಅವನ ಬೆದರಿಕೆ ಮೆಸೇಜೆಲ್ಲ ಅಳಿಸ್ದೇ ಇಟ್ಕೋ, ಮನೇಲಿ ಇವತ್ತೇ ಹೇಳು" ಎಂದಿದ್ದರು. ಅವತ್ತು ಅವರ ಬಾಯಲ್ಲಿ ಒಂದು ತಮಾಷೆಯೂ ಬರಲಿಲ್ಲ.

ಅಣ್ಣನ ಮಗನಿಗೆ ಮಾತ್ರ ಸುಲಭವಾಗಿ ಬಿಡುಗಡೆ ಸಿಗಲಿಲ್ಲ. "ನೀವೇ ಹೇಳಿಬಿಡಿ ಚಿಕ್ಕಪ್ಪ, ಟೈಪ್ ಮಾಡ್ಕೋತೀನಿ" ಎಂದ. "ನಾನು ಹೇಳಿದ್ರೆ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅಂತ ಶುರುವಾಗುತ್ತೆ. ನೀನು ಅವಳ ಹತ್ರ ಹೆಂಗೆ ಮಾತಾಡ್ತೀಯೋ ಹಂಗೇ ಬರಿ" ಎಂದು ಕೂರಿಸಿದರು. ಕಡೆಗೆ ಆದದ್ದು ಇದು:

"ನಮ್ಮ ಸಂಬಂಧ ಇಲ್ಲಿಗೆ ನಿಲ್ಲಿಸ್ಬೇಕು ಅಂತ ನಾನು ನಿರ್ಧಾರ ಮಾಡಿದೀನಿ. ಇದು ನನ್ನದೇ ನಿರ್ಧಾರ, ಬದಲಾಗಲ್ಲ. ನೀನು ಮದುವೆ ಮಾತೆತ್ತಿದಾಗೆಲ್ಲ ಹೂಂ ಅಂದೆ, ಆದ್ರೆ ನನಗೆ ಆ ಮನಸ್ಸಿರಲಿಲ್ಲ. ಆರು ತಿಂಗಳಿಂದ ಗೊತ್ತಿದ್ರೂ ಹೇಳ್ಲಿಲ್ಲ. ಅದು ನನ್ನ ತಪ್ಪು, ಕ್ಷಮಿಸು ಅಂತ ಕೇಳ್ತೀನಿ. ನಂಗೆ ಡೆಂಗಿ ಬಂದಾಗ ನೀನು ವಾರವೆಲ್ಲ ಗಂಜಿ ಮಾಡ್ಕೊಂಡು ಬಂದಿದ್ದು ಮರೆಯಲ್ಲ. ನಿನಗೆ ಏನಾದ್ರೂ ಕೇಳೋದಿದ್ರೆ, ಬೈಯೋದಿದ್ರೆ, ಭಾನುವಾರ ಬೆಳಿಗ್ಗೆ ಫೋನ್ ಮಾಡ್ತೀನಿ. ಬೇಡ ಅಂದ್ರೆ ಮಾಡಲ್ಲ. ಗೋಕರ್ಣದ ಟ್ರಿಪ್ಪಿನ 8,000 ಕೊಡೋದಿದೆ, ಮುಂದಿನ ವಾರ ಕಳಿಸ್ತೀನಿ."

ಬಾಕಿ ಹಣದ ಸಾಲು ರಾಯರ ಹಟದಿಂದ ಸೇರಿದ್ದು. ಹುಡುಗ ಈಗಲೇ ಕಳಿಸಿಬಿಡುತ್ತೇನೆ ಎಂದಿದ್ದ. "ಇಂಥ ಮೆಸೇಜಿನ ಬೆನ್ನಿಗೇ ದುಡ್ಡು ಬಂದ ಟಿಂಗ್ ಕೇಳಿಸ್ಬೇಕೇನೋ? ಎರಡು ವರ್ಷಕ್ಕೆ ಕೂಲಿ ಕೊಟ್ಟ ಹಂಗಿರುತ್ತೆ" ಎಂದು ತಡೆದರು. ಡೆಂಗಿಯ ಸಾಲು ಒಂದೇ ಇರಲಿ ಎಂದರು. ಹುಡುಗ ಹುಮ್ಮಸ್ಸಿನಲ್ಲಿ ಇನ್ನೂ ನಾಲ್ಕು ಸವಿನೆನಪು ಸೇರಿಸಲು ಹೊರಟಿದ್ದ. ಅಷ್ಟು ಹೊಗಳಿದರೆ, ಮತ್ಯಾಕೆ ಬಿಡ್ತಿದೀಯ ಎಂದು ಅವಳು ಕೇಳುವುದಿಲ್ಲವೇ?

ಯಾವಾಗ ಕಳಿಸಬೇಕು ಎಂಬುದಕ್ಕೂ ಮುಹೂರ್ತ ಇಟ್ಟರು. ರಾತ್ರಿ ಬೇಡ, ಅವಳ ಆಫೀಸ್ ಹೊತ್ತಿನಲ್ಲಿ ಬೇಡ. ಶನಿವಾರ ಬೆಳಿಗ್ಗೆ, ಅವಳ ರೂಮ್‌ಮೇಟ್ ಮನೆಯಲ್ಲಿರುವಾಗ. ಕಳಿಸಿದ ಮೇಲೆ ಬ್ಲಾಕ್ ಮಾಡಿ ಓಡಬಾರದು. ಅವಳು ಬೈದರೆ ಸಮರ್ಥನೆ ಕೊಡಬಾರದು, ಕೇಳಿದ ಪ್ರಶ್ನೆಗಷ್ಟೇ ಉತ್ತರ. ರಾತ್ರಿ ಹನ್ನೊಂದರ ಮೇಲೆ ಮನಸ್ಸು ಕರಗಿ "ಊಟ ಆಯ್ತಾ" ಎಂದು ಕೇಳುವ ಚಟ ಖಂಡಿತ ಕೂಡದು. "ಆ ಒಂದು ಊಟ ಆಯ್ತಾದಲ್ಲಿ ನನ್ನ ಇಡೀ ಪತ್ರ ರದ್ದಾಗುತ್ತೆ ಕಣೋ."

ಭಾನುವಾರ ಫೋನ್ ಬೇಕು ಎಂದಳಂತೆ. ಮುಕ್ಕಾಲು ಗಂಟೆ ಬೈದಳಂತೆ. ಆರು ತಿಂಗಳು ಯಾಕೆ ಸುಮ್ಮನಿದ್ದೆ ಎಂಬ ಒಂದೇ ಪ್ರಶ್ನೆಯನ್ನು ನಾಲ್ಕು ರೀತಿ ಕೇಳಿದಳಂತೆ, ಇವನು ಹೆದರಿಕೆ ಎಂದು ನಾಲ್ಕು ಸಲವೂ ಅದನ್ನೇ ಹೇಳಿದನಂತೆ. ಈ ಸಲ ತಮಾಷೆ ಮಾಡಿದೆ ಅನ್ನಲಿಲ್ಲ. ವಾರ ಕಳೆದು ನಾನು ನನ್ನ ಸೈಟಿನ ಪತ್ರಕ್ಕೆ ಮತ್ತೆ ಹೋದಾಗ ಹುಡುಗ ಅಲ್ಲೇ ಇದ್ದ. ಅವಳ ಕೊನೆಯ ಮೆಸೇಜನ್ನು ಚಿಕ್ಕಪ್ಪನಿಗೆ ತೋರಿಸಿದ. ರಾಯರು ಗಟ್ಟಿಯಾಗಿ ಓದಿದರು: "ದುಡ್ಡು ಬಂತು. 8,000 ಅಲ್ಲ, 8,500. ವಾಪಸ್ ಬರುವಾಗ ಟ್ಯಾಕ್ಸಿಗೆ ಕೊಟ್ಟಿದ್ದು ನಾನು. ನನ್ನ ಚಾರ್ಜರ್ ಕೂಡ ನಿನ್ನ ಹತ್ರ ಇದೆ."

"ಹೌದೇನೋ?"

"ಹೌದು ಚಿಕ್ಕಪ್ಪ. ಏನು ಮಾಡ್ಲಿ?"

ರಾಯರು ನನ್ನ ಕಡತ ಪಕ್ಕಕ್ಕೆ ಸರಿಸಿ ಕೆಂಪು ಪೆನ್ನು ತೆಗೆದರು. "ಮಾಡೋದೇನು, ಷೆಡ್ಯೂಲಲ್ಲಿ ಚಾರ್ಜರ್ ಬಿಟ್ಟುಹೋಗಿದೆ. ಕೂತ್ಕೋ, ತಿದ್ದುಪಡಿ ಪತ್ರ ಹಾಕ್ಬೇಕು."