ಚೌಕಟ್ಟಿನ ಕಾಕಾ

ಸಂಶಿಯಲ್ಲಿ ಹೆಣ್ಣುಗಂಡುಗಳನ್ನು ನೋಡುವ ಶಾಸ್ತ್ರವು ಅವಲಕ್ಕಿಯಿಂದ ಆರಂಭವಾಗಿ ಚಹದಲ್ಲಿ ಮುಗಿಯುವುದೆಂದು ತಿಳಿದವರು ನಮ್ಮ ಓಣಿಯ ಕಾಕಾ ಅವರನ್ನು ಕಂಡವರಲ್ಲ. ಕುಂಡಲಿಗಳು ಕೂಡಿರಲಿ, ಎರೆಹೊಲದ ಎಕರೆಗಳು ತೃಪ್ತಿಕರವಾಗಿರಲಿ, ಪಡಸಾಲೆಯ ಬಾಗಿಲ ಚೌಕಟ್ಟಿಗೆ ಇಬ್ಬರೂ ಬೆನ್ನು ಹಚ್ಚಿ ನಿಂತು ಸೀಸದಕಡ್ಡಿಯ ಗೆರೆ ಎಳೆಯಿಸಿಕೊಳ್ಳುವವರೆಗೆ ಅವರ ಪಾಲಿಗೆ ಸಂಬಂಧವೆಂಬುದು ಹುಟ್ಟಿಯೇ ಇರುವುದಿಲ್ಲ.

“ಹುಡುಗನಕಿಂತ ಹುಡಿಗಿ ನಾಕ್ ಬಟ್ಟ ಕೆಳಗಿರಬೇಕು. ಇಲ್ಲಂದ್ರ ಅದೆಂಥಾ ಜೋಡಿ?”

ಹೋದ ಮಾಘದಲ್ಲಿ ಅವರ ತಮ್ಮನ ಮಗಳನ್ನು ನೋಡಲು ಗುಡಗೇರಿಯ ವರನೊಬ್ಬನು ಸಂಜೆಯ ಹೊತ್ತಿಗೆ ಬಂದನು. ಬಯೋಡಾಟಾದಲ್ಲಿ 5 ಅಡಿ 7 ಇಂಚು ಇದ್ದ ಆ ತರುಣನು ಚೌಕಟ್ಟಿನಲ್ಲಿ 5 ಅಡಿ 5 ಇಂಚಿಗೆ ಇಳಿದನು. ಒಂದು ಇಂಚು ಹೊಸ್ತಿಲಾಚೆ ಬಿಟ್ಟ ಬೂಟಿನಲ್ಲಿ ಉಳಿದಿತ್ತು. ಅರ್ಧ ಇಂಚು ಮಧ್ಯಸ್ಥನ ಔದಾರ್ಯ. ಮಿಕ್ಕ ಅರ್ಧವನ್ನು ಹಗಲು ನುಂಗಿತ್ತು, ಏಕೆಂದರೆ ಬೆನ್ನೆಲುಬಿನ ನಡುವಣ ಮೆತ್ತೆಗಳು ದಿನವಿಡೀ ಮೈಭಾರ ಹೊತ್ತು ಸಂಜೆಗೆ ಅಷ್ಟು ಕುಗ್ಗುವುದು ಮನುಷ್ಯಮಾತ್ರರಿಗೆಲ್ಲ ಸಹಜ. ಕನ್ಯೆಯ ಗೆರೆಯು 5 ಅಡಿ 3 ಇಂಚು. ನಡುವೆ ಮೂರು ಬಟ್ಟೂ ತುಂಬದು. ಮಧ್ಯಸ್ಥನ ಸಲಹೆಯಂತೆ ವಸತಿ ಉಳಿಸಿಕೊಂಡು ಮುಂಜಾನೆ ಮತ್ತೆ ಅಳೆದಾಗ ವರನು ಅರ್ಧ ಇಂಚು ಬೆಳೆದಿದ್ದನು. ಆದರೆ ಕನ್ಯೆಯೂ ಅಷ್ಟೇ ಬೆಳೆದಿದ್ದಳು.

“ಅವರೇನು ನಮ್ಮ ಮನಿ ಜಂತಿಗೆ ಏರಸೂ ತೊಲಿ ಏನ್ ಕಾಕಾ?” ಎಂದಳು ಹುಡುಗಿ.

ಕಾಕಾ ಅವರ ನಿಯಮದಲ್ಲಿರುವ ತಮಾಷೆಯೆಂದರೆ, ಅದರ ಬಹುಪಾಲು ಕೆಲಸವನ್ನು ಪ್ರಕೃತಿಯೇ ಮಾಡಿ ಮುಗಿಸಿದೆ. ನಮ್ಮ ದೇಶದಲ್ಲಿ ಗಂಡಸಿನ ಸರಾಸರಿ ಎತ್ತರ ಸುಮಾರು 5 ಅಡಿ 5 ಇಂಚು, ಹೆಂಗಸಿನದು 5 ಅಡಿ. ಕಣ್ಣು ಕಟ್ಟಿಕೊಂಡು ಜೋಡಿಗಳನ್ನು ಕೂಡಿಸಿದರೂ ಹತ್ತರಲ್ಲಿ ಒಂಬತ್ತು ಕಡೆ ಗಂಡನೇ ಎತ್ತರವಾಗಿರುವನು. ಆದುದರಿಂದ ಈ ಚೌಕಟ್ಟಿನಿಂದ ತೊಂದರೆಯಾಗುವುದು ಉದ್ದನೆಯ ಕನ್ಯೆಗೂ ಗಿಡ್ಡ ವರನಿಗೂ ಮಾತ್ರ. “ಮಕ್ಕಳು ಗಿಡ್ಡ ಆಗ್ತಾವ” ಎಂಬ ಅವರ ಕೊನೆಯ ಅಸ್ತ್ರವಂತೂ ತಿರುಗುಬಾಣ: ಮಕ್ಕಳ ಎತ್ತರಕ್ಕೆ ಬೇಕಾದುದು ತಂದೆತಾಯಿಗಳ ಕೂಡಿಸುವ ಲೆಕ್ಕವೇ ಹೊರತು ಕಳೆಯುವ ಲೆಕ್ಕವಲ್ಲ, ಆ ಲೆಕ್ಕದಲ್ಲಿ ಉದ್ದನೆಯ ಸೊಸೆಯೇ ಲಾಭ.

ಲಗ್ನವಾಯಿತು. ಮಂಟಪದಲ್ಲಿ ವರನ ರುಮಾಲು ಐದು ಬಟ್ಟಿನಷ್ಟು ಏರಿದ್ದಿತು. ಅಂತರವನ್ನು ಯಾರೂ ಕೇಳಲಿಲ್ಲ.

ಅದೇ ಚೌಕಟ್ಟಿನಲ್ಲಿ ಕಾಕಾ ಅವರ ಸ್ವಂತ ಲಗ್ನದ ಕಾಲದ ಗೆರೆಯೊಂದು ಇಂದಿಗೂ ಇದೆ. ಮೊನ್ನೆ ಮೊಮ್ಮಗನು ಒತ್ತಾಯಿಸಿ ನಿಲ್ಲಿಸಲು, ಎಪ್ಪತ್ತು ದಾಟಿದ ಆ ತಲೆಯು ಗೆರೆಗಿಂತ ಎರಡು ಬಟ್ಟು ಕೆಳಗೆ ನಿಂತಿತು. ಕಾಕಾ ಅವರು ಗೆರೆಯನ್ನು ನೋಡಿದರು, ಒಳಗಿನಿಂದ ಇಣುಕುತ್ತಿದ್ದ ಕಾಕಿಯನ್ನು ನೋಡಿದರು, ಕಡೆಗೆ ಕಾಲಡಿಯನ್ನು ನೋಡಿ ತೀರ್ಪಿತ್ತರು: “ನೆಲ ಸವದೈತಿ.”