ಹೆಸರು ಹಾಕಬೇಡಿ, ಪ್ಲೀಸ್

ನ್ಯೂಜೆರ್ಸಿಯ ಕನ್ನಡಿಗನೊಬ್ಬನಿಗೆ ಹೊಸ ಕೆಲಸ ಸಿಕ್ಕಿದ್ದು ಲೋಕಕ್ಕೆಲ್ಲ ತಿಳಿಯುವುದು ಲಿಂಕ್ಡ್‌ಇನ್‌ನಲ್ಲಿ. ಹಳೆಯ ಕೆಲಸ ಹೋಗಿತ್ತು ಅನ್ನುವುದೂ ಅದೇ ಏಟಿಗೆ ತಿಳಿಯುತ್ತದೆ. ನಮ್ಮ ಮನೆಯ ತೊಡಕು ಇದೇ. ನಮ್ಮವರ ಕಂಪನಿಯಲ್ಲಿ ಜನರನ್ನು ತೆಗೆದಾಗ ಆ ಸುದ್ದಿಯನ್ನು ಹಾಸನದಲ್ಲಿರುವ ಅತ್ತೆಯವರ ಕಿವಿಗೆ ಹಾಕಿರಲಿಲ್ಲ. ಅವರಿಗೆ ಬಿ.ಪಿ. ಇದೆ, ಜತೆಗೆ ಇಡೀ ಬೀದಿಯ ಫೋನ್ ನಂಬರ್ ಕೂಡ ಇದೆ. ಈಗ ಕೆಲಸ ಸಿಕ್ಕಿತು ಅನ್ನಬೇಕಾದರೆ ಮೊದಲು ಕೆಲಸ ಹೋಗಿತ್ತು ಅನ್ನಬೇಕು. ಅತ್ತೆಯವರು ಲಿಂಕ್ಡ್‌ಇನ್‌ನಲ್ಲಿ ಇಲ್ಲ, ನಿಜ. ಆದರೆ ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಅಲ್ಲೇ ವಾಸ.

ಆಫರ್ ಲೆಟರ್ ಬಂದ ಸಂಜೆಯೇ ನಮ್ಮವರು ಲ್ಯಾಪ್‌ಟಾಪ್ ಬಿಚ್ಚಿ ಕೂತರು. ನಾನು ಮುಚ್ಚಿಸಿದೆ. ಅವರದು ಎಚ್‌-1ಬಿ ವೀಸಾ. ನನ್ನದೂ ಮಗನದೂ ಅದರ ಬಾಲಕ್ಕೆ ಕಟ್ಟಿದ ಎಚ್‌-4. ಕೆಲಸ ಹೋದ ಮೇಲೆ ಈ ದೇಶದಲ್ಲಿ ಇರಲು ಸಿಗುವುದು ಹೆಚ್ಚೆಂದರೆ 60 ದಿನ. ಐ-94ರ ಅವಧಿ ಅದಕ್ಕೂ ಮೊದಲೇ ಮುಗಿದರೆ ಅಷ್ಟೂ ಇಲ್ಲ. ಅಷ್ಟರೊಳಗೆ ಹೊಸ ಕಂಪನಿಯವರು ನಮ್ಮವರ ಹೆಸರಿನಲ್ಲಿ ಹೊಸ ಅರ್ಜಿ ಹಾಕಿರಬೇಕು. ಆಫರ್ ಲೆಟರ್ ಕೈಗೆ ಬಂದರೆ ಅರ್ಜಿ ಹಾಕಿದಂತಾಗಲಿಲ್ಲ. ಆ ಪತ್ರದ ಎರಡನೇ ಪುಟದಲ್ಲಿ, ಎಲ್ಲರೂ ಸಂಬಳದ ಅಂಕಿ ನೋಡಿ ಮಡಚಿಡುತ್ತಾರಲ್ಲ, ಆ ಪುಟದಲ್ಲಿ, 'ಹಿನ್ನೆಲೆ ಪರಿಶೀಲನೆ ಸರಿಬಂದರೆ', 'ಇಲ್ಲಿ ದುಡಿಯಲು ಕಾನೂನುಬದ್ಧ ಅನುಮತಿ ಇದ್ದರೆ' ಎಂಬ ಎರಡು 'ರೆ'ಗಳು ತಣ್ಣಗೆ ಕೂತಿದ್ದವು. "ರೀ, ಮೊದಲು ಈ ಎರಡೂ ರೆ ಕಳೀಲಿ. ಲಾಯರ್ ಹತ್ತಿರ ರಶೀದಿ ನಂಬರ್ ಬರಲಿ. ನೀವು ಹೋಗಿ ಸೀಟಲ್ಲಿ ಕೂತ್ಕೊಳ್ಳಿ. ಆಮೇಲೆ ಡಂಗುರ" ಅಂದೆ. ಅರ್ಜಿಯ ತೀರ್ಪು ಬರುವ ತನಕ ಕಾಯಬೇಕಿಲ್ಲ, ಅರ್ಜಿ ಸರಿಯಾಗಿ ಸಲ್ಲಿಕೆಯಾದರೆ ಕೆಲಸ ಶುರುಮಾಡಬಹುದು ಎಂದು ಲಾಯರ್ ಹೇಳಿದ್ದರು. ಡಂಗುರಕ್ಕೆ ಆ ರಿಯಾಯಿತಿ ನಾನು ಕೊಡಲಿಲ್ಲ.

ಕಾಯುವ ದಿನಗಳಲ್ಲಿ ಅವರು ಕರಡು ಬರೆದರು. ಕನ್ನಡದಲ್ಲಿ ದಿನಸಿ ಪಟ್ಟಿ ಬರೆಯಲು ಸೋಮಾರಿತನ ಮಾಡುವ ಮನುಷ್ಯ ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆದಿದ್ದರು. 'ಪ್ರತಿ ಪಯಣಕ್ಕೂ ಒಂದು ಕೊನೆಯಿದೆ' ಎಂಬ ಅರ್ಥದಲ್ಲಿ ಶುರುವಾಗಿ, ಹತ್ತನೇ ತರಗತಿಯ ಗಣಿತದ ಮೇಷ್ಟ್ರನ್ನು ನೆನೆದು, ಕಡೆಯ ಪ್ಯಾರಾದಲ್ಲಿ ಹೊಸ ಕೆಲಸಕ್ಕೆ ಬಂದು ಮುಟ್ಟುತ್ತಿತ್ತು. ಲಿಂಕ್ಡ್‌ಇನ್‌ನಲ್ಲಿ ಸ್ಕ್ರಾಲ್ ಮಾಡುವವರ ಕಣ್ಣಿಗೆ ಬೀಳುವುದು ಮೊದಲ ಎರಡು-ಮೂರು ಸಾಲು ಮಾತ್ರ, ಉಳಿದದ್ದನ್ನು ಬೇಕಾದವರು ಒತ್ತಿ ಬಿಚ್ಚಿಕೊಳ್ಳಬೇಕು. ಇವರ ಮೊದಲ ಮೂರು ಸಾಲಿಗೆ ಒಂದು ಫೋಟೊ ಸೇರಿಸಿದ್ದರೆ ಅಚ್ಚುಕಟ್ಟಾದ ಶ್ರದ್ಧಾಂಜಲಿ ಆಗುತ್ತಿತ್ತು. ಜನ ಮೂರನೇ ಸಾಲಿಗೇ ನಿಂತು ನನಗೆ ಫೋನ್ ಮಾಡಿ ಸಮಾಧಾನ ಹೇಳುತ್ತಿದ್ದರೋ ಏನೋ.

ಹಾಗಾಗಿ ತಲೆಕೆಳಗು ಮಾಡಿದೆವು. ಯಾವ ಕಂಪನಿ, ಏನು ಕೆಲಸ ಅನ್ನುವುದು ಮೊದಲ ಸಾಲಿಗೆ ಬಂತು. ಹಳೇ ಕಂಪನಿ ತೆಗೆದುಹಾಕಿದ್ದು ಎರಡನೇ ಸಾಲಿನಲ್ಲಿ ಅರ್ಧ ವಾಕ್ಯ, ಬೈಗುಳವಿಲ್ಲದೆ. ಬೈದು ಬರೆದ ಒಂದು ಪ್ರತಿಯೂ ಇತ್ತು, ಅದನ್ನು ನಾವಿಬ್ಬರೇ ಓದಿ ಖುಷಿಪಟ್ಟು ಅಳಿಸಿದೆವು. ಮೂರನೇ ಸಾಲಿನಿಂದ ಕೃತಜ್ಞತೆ. 'ನೆರವಾದ ಸಮಸ್ತರಿಗೂ' ಎಂದು ಇವರು ಬರೆದಿದ್ದನ್ನು ಹೊಡೆದುಹಾಕಿದೆ. ಮದುವೆ ಮನೆಯ ಮೈಕಿನಲ್ಲಿ 'ಬಂದವರೆಲ್ಲರಿಗೂ' ಅಂದಾಗ ಅಡುಗೆಯವರು ತಿರುಗಿ ನೋಡಿದ್ದನ್ನು ನೀವು ಕಂಡಿದ್ದೀರಾ? ಯಾರು ಏನು ಮಾಡಿದರು ಅಂತ ಬರೆದರೆ ಅದು ಕೃತಜ್ಞತೆ. ಜತೆಗೆ ಓದುವ ರಿಕ್ರೂಟರ್‌ಗಳಿಗೆ ಆ ಮನುಷ್ಯ ಎಂಥ ಕೆಲಸಕ್ಕೆ ಸೈ ಅನ್ನುವುದೂ ತಿಳಿಯುತ್ತದೆ.

ಹೆಸರು ಬರೆದಾಯಿತು. ಟ್ಯಾಗ್ ಮಾಡುವ ಮುಂಚೆ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿ ಅಂದೆ. "ಥ್ಯಾಂಕ್ಸ್ ಹೇಳಕ್ಕೂ ಪರ್ಮಿಷನ್ನಾ?" ಎಂದು ನಕ್ಕರು. ಮೊದಲ ಕರೆ ಮುಗಿಯುವಷ್ಟರಲ್ಲಿ ನಗು ನಿಂತಿತ್ತು.

ಮೊದಲ ಕರೆ ಶಿವಮೊಗ್ಗ ಮೂಲದ ಗೆಳೆಯರಿಗೆ. ಬೆಳಿಗ್ಗೆ ಐದೂವರೆಗೆ ಎದ್ದು, ತಮ್ಮ ಆಫೀಸು ಶುರುವಾಗುವ ಮುಂಚೆ ಇವರಿಗೆ ಸಿಸ್ಟಂ ಡಿಸೈನ್ ಪ್ರಶ್ನೆ ಕೇಳಿ ಕೇಳಿ ಅರೆದವರು ಅವರು. ಇವರು ಬೋರ್ಡಿನ ಮೇಲೆ ಚೌಕ ಬರೆಯುವುದು, ಅವರು ಆ ಕಡೆಯಿಂದ "ಈ ಸರ್ವರ್ ಸತ್ತರೆ?" ಅನ್ನುವುದು. ಅವರಿಗೆ ಮೊದಲ ಧನ್ಯವಾದ ಸಲ್ಲಬೇಕು. ಅವರು ಗಾಬರಿಯಾಗಿ, "ಅಯ್ಯೋ, ನನ್ನ ಹೆಸರು ಹಾಕ್ಬೇಡ ಮಾರಾಯ! ನಾನೂ ಹುಡುಕ್ತಾ ಇದೀನಿ. ಇಂಟರ್ವ್ಯೂ ಪ್ರಶ್ನೆ ಇಷ್ಟು ಚೆನ್ನಾಗಿ ಯಾಕೆ ಗೊತ್ತು ಅಂತ ನಮ್ಮ ಮ್ಯಾನೇಜರ್ ಕೇಳಲ್ವಾ?" ಅಂದರು. ಅದೂ ಸರಿಯೇ. ಕೆಲಸ ಹುಡುಕುತ್ತಿದ್ದೇನೆ ಎಂಬ ಗುರುತನ್ನು ರಿಕ್ರೂಟರ್‌ಗಳಿಗಷ್ಟೇ ಕಾಣುವಂತೆ ಇಟ್ಟುಕೊಂಡು ಅವರು ಕದ್ದು ಓಡಾಡುತ್ತಿರುವಾಗ, ನಮ್ಮ ಧನ್ಯವಾದ ಅವರ ಬೆನ್ನಿಗೆ ಟಾರ್ಚ್ ಬಿಟ್ಟ ಹಾಗೆ.

ಎರಡನೆಯವರು ಇವರ ಹಿಂದಿನ ಮ್ಯಾನೇಜರ್. ಅಲ್ಲಿಯ ಕಂಪನಿ ನಿಯಮ ಏನೆಂದರೆ, ಬಿಟ್ಟುಹೋದವರ ಬಗ್ಗೆ ಯಾರಾದರೂ ಕೇಳಿದರೆ ಎಚ್‌ಆರ್‌ನವರು ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ ಇಷ್ಟೇ ಹೇಳಬೇಕು. ಆಕೆ ಅದರಾಚೆ ಹೋಗಿ, ಕಾರಿನಲ್ಲಿ ಕೂತು, ಹೊಸ ಕಂಪನಿಯವರ ಜತೆ ಇವರ ಬಗ್ಗೆ ಮನಸಾರೆ ಮಾತಾಡಿದ್ದರು. 'ಅದ್ಭುತ ಶಿಫಾರಸು ಕೊಟ್ಟ' ಎಂದು ಟ್ಯಾಗ್ ಮಾಡಿದರೆ ಅದು ಎಚ್‌ಆರ್‌ಗೆ ನಾವೇ ಕೈಯಾರೆ ಕಳಿಸಿದ ದೂರು. ಅವರಿಗೆ ಕೈಬರಹದ ಕಾರ್ಡ್ ಹೋಯಿತು. ಜತೆಗೆ ನನ್ನ ಕೈಯ ಕೊಬ್ಬರಿ ಮಿಠಾಯಿ.

ಮೂರನೆಯವರು ಹೊಸ ಕಂಪನಿಯೊಳಗಿದ್ದು ರೆಫರಲ್ ಕೊಟ್ಟ ತುಮಕೂರಿನವರು. ಇವರೇನು ಬೇಡ ಅನ್ನಲಾರರು ಅಂದುಕೊಂಡಿದ್ದೆವು. ಅವರು ದನಿ ತಗ್ಗಿಸಿ, "ಹೆಸರು ಧಾರಾಳವಾಗಿ ಹಾಕಿ ಸಾರ್. ರೆಫರಲ್ ಅನ್ನೋ ಪದ ಒಂದು ಬೇಡ. ಬೋನಸ್ ಬರುತ್ತೆ ಅಂತ ನಮ್ಮನೆಯವಳಿಗೆ ಗೊತ್ತಾಗುತ್ತೆ" ಅಂದರು. ಹೊಸಬರು ಸೇರಿ ಕೆಲವು ತಿಂಗಳು ನಿಂತ ಮೇಲೆಯೇ ಆ ಹಣ ಅವರ ಕೈಗೆ ಬರುವುದು. ಬರುವ ಮುಂಚೆಯೇ ಬಳೆಯಾಗಿಬಿಡುವ ಭಯ ಅವರಿಗೆ. ಪಾಪ, ಸ್ಪೀಕರ್ ಆನ್ ಆಗಿದ್ದು ಅವರಿಗೆ ಗೊತ್ತಿರಲಿಲ್ಲ. ಅವರ ಹೆಂಡತಿ ನನಗೆ ಒಳ್ಳೆಯ ಗೆಳತಿ. ನಾನು ಇಲ್ಲಿಯ ತನಕ ಏನೂ ಹೇಳಿಲ್ಲ, ಅವರೇ ಓದಿಕೊಂಡರೆ ನಾನು ಜವಾಬ್ದಾರಳಲ್ಲ.

ಇನ್ನು ಯಾರ ಧನ್ಯವಾದದ ಪಟ್ಟಿಯಲ್ಲೂ ಬರದ ಒಂದು ಗುಂಪಿದೆ: ಬೇರೆ ಬೇರೆ ಕಂಪನಿಗಳಲ್ಲಿ ಇವರ ರೆಸ್ಯೂಮೆ ಮುಂದಕ್ಕೆ ಕಳಿಸಿ, ಅಲ್ಲಿ ಕೆಲಸ ಆಗದೇ ಹೋದವರು. ಕೆಲಸ ಆಗಲಿಲ್ಲ ಅಂದಮಾತ್ರಕ್ಕೆ ಅವರು ಮಾಡಿದ್ದು ಕಡಿಮೆಯಲ್ಲ. ತಮ್ಮ ಮೇಲಿನವರ ಮುಂದೆ ತಮ್ಮ ಹೆಸರನ್ನೇ ಪಣವಿಟ್ಟು ಕೇಳಿದವರು. ಈ ಗುಂಪಿನ ವಿಷಯದಲ್ಲಿ ನಮ್ಮವರು ಒಳ್ಳೆಯ ಕೆಲಸ ಮಾಡಿದರು ಅನ್ನಬೇಕು: ಪೋಸ್ಟ್ ಹಾಕುವ ಹಿಂದಿನ ವಾರವೇ ಒಬ್ಬೊಬ್ಬರಿಗೂ ಬೇರೆ ಬೇರೆ ಮೆಸೇಜು ಬರೆದು, 'ಇಂಥ ಕಡೆ ಸೇರಿದೆ, ನೀವು ಅಂದು ಮಾಡಿದ್ದು ಮರೆತಿಲ್ಲ' ಅಂದರು. ಇನ್ನೂ ಎರಡು ಕಂಪನಿಗಳಲ್ಲಿ ಸಂದರ್ಶನ ಅರ್ಧಕ್ಕೆ ನಿಂತಿತ್ತು. ಅಲ್ಲಿಯ ರಿಕ್ರೂಟರ್‌ಗಳಿಗೆ ಅರ್ಜಿ ಹಿಂತೆಗೆದುಕೊಂಡೆ ಎಂದು ಪತ್ರ ಹೋಯಿತು. ಮುಂದಿನ ಸುತ್ತಿಗೆ ದಿನ ಗೊತ್ತುಮಾಡುತ್ತಿರುವವರು ನಮ್ಮ ಸಂಭ್ರಮವನ್ನು ಫೀಡಿನಲ್ಲಿ ನೋಡುವುದು ಚೆನ್ನಾಗಿರುವುದಿಲ್ಲ. ಮತ್ತೆ ಯಾವತ್ತು ಅವರ ಬಾಗಿಲು ತಟ್ಟಬೇಕೋ.

ಕಡೆಗೆ ಉಳಿದದ್ದು ಹಾಸನ. ಇಲ್ಲಿ ಶನಿವಾರ ರಾತ್ರಿ, ಅಲ್ಲಿ ಭಾನುವಾರ ಬೆಳಗಿನ ಕಾಫಿ ಹೊತ್ತು.

"ಅಮ್ಮಾ, ಹೊಸ ಕೆಲಸ ಸಿಕ್ತು."

"ಅಂತೂ ಸಿಕ್ತಾ? ಅಪ್ಪಾ ಮಂಜುನಾಥ!" ಅಂದರು ಅತ್ತೆ.

ಇವರು ಪೆಚ್ಚಾಗಿ, "ಅಂತೂ ಅಂದ್ರೆ? ನಿಂಗೆ ಗೊತ್ತಿತ್ತಾ?" ಅಂದರು.

"ಗೊತ್ತಾಗ್ದೆ ಏನೋ? ಕೆಲ್ಸ ಇದ್ದಾಗ ಯಾವತ್ತಾದ್ರೂ ನನ್ನ ಮಂಡಿನೋವು ವಿಚಾರಿಸಿದ್ಯಾ? ಎರಡು ತಿಂಗಳಿಂದ ದಿನಾ ಕೇಳ್ತಿದೀಯ. ಅವತ್ತೇ ಧರ್ಮಸ್ಥಳಕ್ಕೆ ಹರಕೆ ಹೊತ್ಕೊಂಡೆ. ನಿಂಗೆ ಹೇಳಿದ್ರೆ ನಿನ್ನ ಬಿ.ಪಿ. ಏರುತ್ತೆ ಅಂತ ಸುಮ್ನಿದ್ದೆ. ಅದೇನೋ ಬರೀತೀಯಂತಲ್ಲ, ಅದ್ರಲ್ಲಿ ಸ್ವಾಮಿ ಹೆಸ್ರು ಮೊದ್ಲು ಬರ್ಲಿ."

ಬರೆಯುವ ವಿಷಯ ಅವರಿಗೆ ಹೇಗೆ ಗೊತ್ತಾಯಿತೆಂದು ಮಗನ ಮುಖ ನೋಡಿದರೆ ಅವನು ಗೋಡೆ ನೋಡುತ್ತಿದ್ದ. ಸ್ವಾಮಿಯನ್ನು ಟ್ಯಾಗ್ ಮಾಡಲಾಗದು ಎಂದು ಅತ್ತೆಯವರನ್ನು ಒಪ್ಪಿಸಲು ಆಗಲಿಲ್ಲ. ಮುಂದಿನ ಬಾರಿ ಊರಿಗೆ ಹೋದಾಗ ಖುದ್ದಾಗಿ ಹೋಗಿ ಹೇಳುವುದೆಂದು ಒಪ್ಪಂದವಾಯಿತು.

ಸೇರಿದ ಎರಡನೇ ವಾರ ಪೋಸ್ಟ್ ಹೋಯಿತು. ಫೋಟೊ ಸುತ್ತಲಿನ #OpenToWork ಹಸಿರು ಪಟ್ಟಿ ತೆಗೆದರು. ಪ್ರೊಫೈಲಿಗೆ ಹೊಸ ಹುದ್ದೆ ಸೇರಿಸುವಾಗ Notify network ಎಂಬ ಗುಂಡಿಯನ್ನು ಆಫ್ ಮಾಡಿಸಿದೆ. ಇಲ್ಲದಿದ್ದರೆ ಅದು ತನ್ನದೇ ಒಂದು ಸಪ್ಪೆ ಸುದ್ದಿ ಹೊರಡಿಸಿ, ಜನ ಅಲ್ಲಿ 'ಕಂಗ್ರಾಟ್ಸ್' ಒತ್ತಿ ಮುಗಿಸಿಬಿಡುತ್ತಾರೆ. ನಾವು ಇಷ್ಟು ಒದ್ದಾಡಿ ಬರೆದದ್ದನ್ನು ಆಮೇಲೆ ಓದುವವರು ಯಾರು? ಪೋಸ್ಟಿನಲ್ಲಿ ಕೊನೆಗೂ ಉಳಿದ ಹೆಸರು ಒಂದೇ, ತುಮಕೂರಿನವರದು. 'ಒಳ್ಳೆಯ ಸಲಹೆ ಕೊಟ್ಟ' ಎಂಬ ಬಿರುದಿನೊಂದಿಗೆ. ಮಿಕ್ಕವರೆಲ್ಲ 'ಮುಂಜಾನೆ ಎದ್ದು ಅಭ್ಯಾಸ ಮಾಡಿಸಿದ ಒಬ್ಬ ಗೆಳೆಯ', 'ಒಳ್ಳೆಯ ಮಾತಾಡಿದ ಒಬ್ಬ ಹಿರಿಯರು' ಎಂದು ಪತ್ತೇದಾರಿ ಕಾದಂಬರಿಯ ಪಾತ್ರಗಳಾದರು.

ಹತ್ತು ನಿಮಿಷಕ್ಕೆ ಕನ್ನಡ ಕೂಟದ ಪದಾಧಿಕಾರಿಯೊಬ್ಬರ ಫೋನು. ದೀಪಾವಳಿ ಕಾರ್ಯಕ್ರಮದಲ್ಲಿ "ರೆಸ್ಯೂಮೆ ಕಳ್ಸಿ, ನೋಡೋಣ" ಅಂದವರು, ಕಳಿಸಿದ ಮೇಲೆ ನೋಡಿದರೋ ಇಲ್ಲವೋ ತಿಳಿಸಿದವರಲ್ಲ. "ಎಲ್ಲಾ ಚೆನ್ನಾಗಿ ಬರ್ದಿದೀರಿ. ನಮ್ಮ ಹೆಸರು ಬಿಟ್ಟುಹೋದ ಹಾಗಿದೆ?" ಎಂದರು. ಹೆಸರು ಹಾಕಿ ಎಂದು ಬಾಯಿಬಿಟ್ಟು ಕೇಳಿದ್ದು ಅವರೊಬ್ಬರೇ.

ಮರುದಿನ ಇವರ ಮೊಬೈಲಿಗೆ ಹೊಸ ಕಂಪನಿಯ ಸಿಇಒ ಅವರಿಂದಲೇ ಮೆಸೇಜು! 'ಮೀಟಿಂಗ್‌ನಲ್ಲಿದ್ದೇನೆ, ಗ್ರಾಹಕರಿಗೆ ಕೊಡಲು ತುರ್ತಾಗಿ ಗಿಫ್ಟ್ ಕಾರ್ಡ್ ಬೇಕು, ಕೊಂಡು ಹಿಂಬದಿಯ ಸಂಖ್ಯೆ ಕಳಿಸಿ.' ಹೊಸದಾಗಿ ಸೇರಿದವರ ಪೋಸ್ಟುಗಳನ್ನು ಅಭಿನಂದಿಸುವವರಷ್ಟೇ ಶ್ರದ್ಧೆಯಿಂದ ವಂಚಕರೂ ಓದುತ್ತಾರೆ. ಹೊಸಬನಿಗೆ ಸಿಇಒ ದನಿ ಪರಿಚಯವಿರುವುದಿಲ್ಲ, ಇಲ್ಲ ಅನ್ನುವ ಧೈರ್ಯವೂ ಇರುವುದಿಲ್ಲ ಅನ್ನುವುದು ಅವರ ಲೆಕ್ಕ. ನಂಬರ್ ಅಪರಿಚಿತ, ಅವಸರ ಅತಿ, ಫೋನ್ ಮಾಡಬೇಡಿ ಎಂಬ ಷರತ್ತು ಬೇರೆ. ಇವರು ಅದನ್ನು ಕಂಪನಿಯ ಐಟಿ ವಿಭಾಗಕ್ಕೆ ಕಳಿಸಿ ನಂಬರ್ ಬ್ಲಾಕ್ ಮಾಡಿದರು.

ಒಂದು ಮಾತು ಬಾಕಿ ಇದೆ. ಶಿವಮೊಗ್ಗದ ಗೆಳೆಯರಿಗೆ ಇನ್ನೂ ಬೇರೆ ಕೆಲಸ ಸಿಕ್ಕಿಲ್ಲ. ಈಗ ಬೆಳಗಿನ ಐದೂವರೆಗೆ ಪ್ರಶ್ನೆ ಕೇಳುವ ಸರದಿ ನಮ್ಮವರದು. ನಿಮ್ಮ ಕಂಪನಿಯಲ್ಲಿ ಬ್ಯಾಕೆಂಡ್ ಇಂಜಿನಿಯರ್ ಜಾಗ ಖಾಲಿ ಇದ್ದರೆ, ಎಚ್‌-1ಬಿ ವರ್ಗಾವಣೆಗೆ ಕಂಪನಿಯವರು ಒಪ್ಪುವುದಾದರೆ, ನನಗೆ ಒಂದು ಸಾಲು ಬರೆಯಿರಿ. ಹೆಸರನ್ನು ಫೋನಿನಲ್ಲಿ ಹೇಳುತ್ತೇನೆ.