ಎರಡು ದಿನದಲ್ಲಿ ತಿಳಿಸ್ತೀವಿ

ಕೆಲಸ ಹೋಗಿ ನಾಲ್ಕು ತಿಂಗಳಾಯಿತು. ಸುಮ್ಮನೆ ಕೂತಿಲ್ಲ. ಈಗ ನಾನೊಬ್ಬನೇ ಒಂದು ಎಚ್ಆರ್ ವಿಭಾಗ. ಸಂಬಳ ಇಲ್ಲ, ಅಷ್ಟೇ.

ಕಂಪನಿಗಳ ಹತ್ತಿರ ನಮ್ಮನ್ನು ಸೋಸಿ, ಎಣಿಸಿ, ಸಾಲಾಗಿ ನಿಲ್ಲಿಸುವ ಸಾಫ್ಟ್‌ವೇರ್ ಇದೆ. ಯಾರ ಅರ್ಜಿ ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ಒಂದೇ ಕ್ಲಿಕ್ಕಿಗೆ ತೋರಿಸುತ್ತದೆ. ತೋರಿಸುವುದು ಅವರಿಗೆ. ನಾವು ಫೋನ್ ಮಾಡಿ ಕೇಳಿದರೆ ಸಿಗುವ ಉತ್ತರ ಒಂದೇ: ‘ಪ್ರೊಸೆಸ್‌ನಲ್ಲಿದೆ ಸರ್.’ ಆ ಪ್ರೊಸೆಸ್ ಎಲ್ಲಿದೆ ಅಂತ ಅದಕ್ಕೂ ಗೊತ್ತಿಲ್ಲ.

ಹಾಗಾಗಿ ನನ್ನ ಲೆಕ್ಕ ನಾನೇ ಇಡಬೇಕಾಯಿತು. ಜಿಮೇಲ್‌ನಲ್ಲಿ ‘ನೌಕರಿ’ ಅಂತ ಒಂದು ಲೇಬಲ್, ಅದರ ಹೊಟ್ಟೆಯೊಳಗೆ ‘ಹಾಕಿದ್ದು’, ‘ಕರೆ’, ‘ಇಲ್ಲ’ ಅಂತ ಮೂರು ಮರಿ ಲೇಬಲ್. ಪಕ್ಕದಲ್ಲಿ ಗೂಗಲ್ ಶೀಟ್. ಕಂಪನಿ, ಹುದ್ದೆ, ಯಾವ ರೆಸ್ಯೂಮೆ ಕಳಿಸಿದೆ, ಎಷ್ಟು ಸಂಬಳ ಕೇಳಿದೆ, ಈಗಿನ ಸ್ಥಿತಿ, ಕೊನೆಯ ತಾರೀಖು. ಆರೇ ಕಾಲಂ. ಇದಕ್ಕಿಂತ ಹೆಚ್ಚು ಮಾಡಿದರೆ ಕೆಲಸ ಹುಡುಕುವುದು ಬಿಟ್ಟು ಕಾಲಂ ತುಂಬುತ್ತಾ ಕೂರುತ್ತೇವೆ.

ಸಂಬಳದ ಕಾಲಂ ಯಾಕೆ ಅಂತೀರಾ? ಒಂದೇ ಕಂಪನಿಯವರು ಮೂರು ಸಲ ಫೋನ್ ಮಾಡಿ ಮೂರು ಸಲವೂ ‘ಎಕ್ಸ್‌ಪೆಕ್ಟೆಡ್ ಸಿಟಿಸಿ ಎಷ್ಟು’ ಎಂದು ಕೇಳುತ್ತಾರೆ. ಅವರು ಬರೆದಿಟ್ಟುಕೊಳ್ಳುವುದಿಲ್ಲ. ಆದರೆ ಎರಡನೇ ಸಲ ನಾನು ಬೇರೆ ಅಂಕಿ ಹೇಳಿದರೆ ಮಾತ್ರ ಚೆನ್ನಾಗಿ ನೆನಪಿರುತ್ತದೆ.

ಮೊದಲು ಎಡವಿದ್ದು ಲೇಬಲ್‌ನಲ್ಲಿ. ತಿರಸ್ಕಾರದ ಮೇಲ್‌ಗಳನ್ನು ಬೆಳಗ್ಗೆ ಬೆಳಗ್ಗೆ ನೋಡಲಾಗದೆ ಒಂದು ಫಿಲ್ಟರ್ ಹಾಕಿದೆ.

```
{unfortunately "regret to inform" "other candidates"}
```

ಮೀಸೆಯಂಥ ಆ ಕಂಸದೊಳಗಿನ ಮಾತುಗಳಲ್ಲಿ ಯಾವುದೊಂದು ಇದ್ದರೂ ಮೇಲ್‌ಗೆ ‘ಇಲ್ಲ’ ಲೇಬಲ್ ಬೀಳುತ್ತದೆ. ಅಲ್ಲಿಗೆ ಬಿಟ್ಟಿದ್ದರೆ ಸರಿಯಿತ್ತು. ನಾನು `Skip the Inbox` ಅನ್ನುವುದಕ್ಕೂ ಟಿಕ್ ಹಾಕಿದೆ. ದುಃಖ ಇನ್‌ಬಾಕ್ಸಿಗೆ ಬರದೆ ನೇರ ಒಳಕೋಣೆಗೆ ಹೋಗಲಿ ಅಂತ.

ಹತ್ತು ದಿನ ನೆಮ್ಮದಿ. ಆಮೇಲೆ ಒಳಕೋಣೆಗೆ ಇಣುಕಿದೆ. ಒಂದು ಮೇಲ್ ಹೀಗೆ ಶುರುವಾಗಿತ್ತು: ‘ಅನ್‌ಫಾರ್ಚುನೇಟ್ಲಿ, ಗುರುವಾರ ನಮ್ಮ ಪ್ಯಾನೆಲ್ ಸಿಗುವುದಿಲ್ಲ, ಸಂದರ್ಶನ ಬುಧವಾರಕ್ಕೆ ಇಟ್ಟುಕೊಳ್ಳೋಣವೇ?’ ಆ ಬುಧವಾರ ಕಳೆದು ವಾರವಾಗಿತ್ತು. ಕೆಲಸದ ಕರೆಯನ್ನು ನನ್ನ ಕೈಯಾರೆ ನಾನೇ ತಿರಸ್ಕಾರದ ಗುಂಡಿಗೆ ದಬ್ಬಿದ್ದೆ.

ಹಾಗಾದರೆ ನಿಜವಾದ ತಿರಸ್ಕಾರ? ಅದು ಇನ್‌ಬಾಕ್ಸಿನಲ್ಲೇ ಜಂಬದಿಂದ ಕೂತಿತ್ತು. ಅದರಲ್ಲಿ ‘ಇಲ್ಲ’ ಎಂಬ ಪದವೇ ಇರಲಿಲ್ಲ. ನಿಮ್ಮ ಆಸಕ್ತಿಗೆ ಕೃತಜ್ಞತೆ. ನಿಮ್ಮ ಅನುಭವ ನಮ್ಮನ್ನು ಪ್ರಭಾವಿಸಿತು. ನಿಮ್ಮ ವಿವರ ನಮ್ಮ ಡೇಟಾಬೇಸಿನಲ್ಲಿ ಇರುತ್ತದೆ. ಎರಡು ಸಲ ಓದಿದ ಮೇಲೆ, ಓ, ನನ್ನನ್ನು ಕಳಿಸಿಬಿಟ್ಟರು ಅಂತ ತಿಳಿಯಿತು. ಹುಡುಗಿ ನೋಡಿ ಹೋದವರು ‘ಉಪ್ಪಿಟ್ಟು ಬಹಳ ಚೆನ್ನಾಗಿತ್ತು’ ಅಂದ ಹಾಗೆ.

ಇನ್ನೊಂದು ಕಿತಾಪತಿ ಉಂಟು. ‘ನಿಮ್ಮ ಅರ್ಜಿ ತಲುಪಿದೆ’ ಎಂಬ ಮೇಲಿಗೂ, ತಿಂಗಳ ನಂತರದ ತಿರಸ್ಕಾರಕ್ಕೂ ಕೆಲವು ಕಡೆ ಒಂದೇ ವಿಷಯ ಸಾಲು. ಅಂಥವನ್ನು ಜಿಮೇಲ್ ಹಳೆಯ ಮೇಲಿನ ಬಾಲಕ್ಕೇ ಕಟ್ಟಿಬಿಡಬಹುದು. ಪಕ್ಕದಲ್ಲಿ 2 ಎಂಬ ಪುಟ್ಟ ಅಂಕಿ ಕಂಡರೆ ನಿಮ್ಮ ಪುಣ್ಯ.

ಈಗ ಆ ಟಿಕ್ ತೆಗೆದಿದ್ದೇನೆ. ಫಿಲ್ಟರ್ ಚೀಟಿ ಅಂಟಿಸಲಿ, ಮೇಲ್ ಬಚ್ಚಿಡುವುದು ಬೇಡ. ತೀರ್ಪು ನನ್ನ ಕಣ್ಣೇ ಕೊಡಲಿ.

ಎರಡನೇ ಮೋಸ ಶೀಟಿನದು. ಅಲ್ಲಿ ಕಳ್ಳ ನಾನೇ.

ಸಾಲು ಹದಿನೇಳನ್ನು ನೋಡಿ. ಕಂಪನಿಯ ಹೆಸರು ಬೇಡ, ಅವರ ಜಾಹೀರಾತಿಗೆ ನಾನ್ಯಾಕೆ ಬಿಟ್ಟಿ ಪ್ರಚಾರ ಕೊಡಲಿ. ಜೂನ್ 3ಕ್ಕೆ ಅರ್ಜಿ. ಎರಡೇ ನಿಮಿಷಕ್ಕೆ ‘ತಲುಪಿದೆ’ ಎಂದು ಮೇಲ್. ಯಂತ್ರಕ್ಕೆ ಎಂಥಾ ಶಿಸ್ತು! ಜೂನ್ 11ಕ್ಕೆ ಫೋನ್: ‘ಸರ್, ನೀವು ಇಮಿಡಿಯೆಟ್ ಜಾಯಿನರ್ರಾ? ನಮಗೆ ತುಂಬಾ ಅರ್ಜೆಂಟು.’ ಜೂನ್ 19ಕ್ಕೆ ಎರಡನೇ ಸುತ್ತು ಮುಗಿಯಿತು. ‘ಎರಡು ದಿನದಲ್ಲಿ ತಿಳಿಸ್ತೀವಿ ಸರ್.’

ತಿಳಿಸಲಿಲ್ಲ. ಜೂನ್ 25ಕ್ಕೆ ನಾನೇ ಮೇಲ್ ಬರೆದೆ. ಜುಲೈ 2ಕ್ಕೆ ಮತ್ತೊಂದು. ಬರೆದಾಗಲೆಲ್ಲ ಶೀಟಿನಲ್ಲಿ ‘ಕೊನೆಯ ತಾರೀಖು’ ಬದಲಿಸಿದೆ. ತಾರೀಖು ಹೊಸದಾದ್ದರಿಂದ ಸಾಲು ಹಸಿರಾಗಿಯೇ ಉಳಿಯಿತು. ಜುಲೈ 11ಕ್ಕೆ ನೋಡಿದರೂ ‘ಒಂಬತ್ತೇ ದಿನವಾಗಿದೆ, ಕಾಯೋಣ’ ಅನ್ನುತ್ತಿತ್ತು. ಸತ್ತವನ ನಾಡಿ ಹಿಡಿದು ನನ್ನ ಹೆಬ್ಬೆರಳಿನ ಬಡಿತ ಎಣಿಸುತ್ತಿದ್ದೆ.

ನಿಯಮ ಬದಲಿಸಿದೆ. ಅರ್ಜಿ ಹಾಕಿದ ದಿನವೇ ಮೊದಲ ತಾರೀಖು. ಆ ಕಡೆಯಿಂದ ಒಬ್ಬ ಮನುಷ್ಯ ಮಾತಾಡಿದರೆ ಮಾತ್ರ ಅದು ಬದಲಾಗಬೇಕು. ಯಂತ್ರದ ಮೇಲ್ ಲೆಕ್ಕಕ್ಕಿಲ್ಲ. ನನ್ನ ಗೋಗರೆತವೂ ಲೆಕ್ಕಕ್ಕಿಲ್ಲ. ಪಕ್ಕದ ಕಾಲಮ್ಮಿಗೆ ಒಂದು ಸೂತ್ರ.

```
=IF(E2="ಇಲ್ಲ", E2, IF(TODAY()-F2>21, "ಮೌನ", E2))
```

E ಎಂದರೆ ಸ್ಥಿತಿ, F ಎಂದರೆ ಆ ಕೊನೆಯ ತಾರೀಖು. ಇಪ್ಪತ್ತೊಂದು ದಿನ ದಾಟಿತೋ, ಶೀಟೇ ‘ಮೌನ’ ಎಂದು ಬರೆಯುತ್ತದೆ. ಇಪ್ಪತ್ತೊಂದೇ ಯಾಕೆ? ಶಾಸ್ತ್ರವೇನಿಲ್ಲ. ಅದು ನನ್ನ ತಾಳ್ಮೆಯ ಉದ್ದ. ನಿಮ್ಮದು ಉದ್ದವಿದ್ದರೆ ಮೂವತ್ತು ಹಾಕಿಕೊಳ್ಳಿ.

ಹೊಸ ಲೆಕ್ಕದಲ್ಲಿ ಸಾಲು ಹದಿನೇಳರ ತಾರೀಖು ಜೂನ್ 19ಕ್ಕೆ ಹಿಂದೆ ಸರಿಯಿತು. ಜುಲೈ 11ಕ್ಕೆ ಇಪ್ಪತ್ತೆರಡು ದಿನ. ಮೌನ. ಅಲ್ಲಿಗೆ ಮುಗಿಯಿತು. ಮೂರನೇ ಮೇಲ್ ಬರೆಯಲು ಕೂತಿದ್ದವನು ಎದ್ದು ಕಾಫಿ ಮಾಡಿಕೊಂಡೆ.

ಒಂದೇ ಸಂಜೆ ಇಡೀ ಶೀಟು ಬಣ್ಣ ಕಳೆದುಕೊಂಡಿತು. ಒಟ್ಟು 63 ಅರ್ಜಿ. ಬಾಯಿಬಿಟ್ಟು ‘ಇಲ್ಲ’ ಅಂದವರು 14. ಇನ್ನೂ ಮೂರು ವಾರ ತುಂಬದವು 6. ನಿಜವಾಗಿ ಮಾತುಕತೆ ನಡೆಯುತ್ತಿರುವುದು 2. ಮಿಕ್ಕ 41 ಮೌನ. ಇಷ್ಟು ದಿನ ಮನೆಯಲ್ಲಿ ಕೇಳಿದರೆ ‘ನಲವತ್ತು ಕಡೆ ನಡೀತಿದೆ’ ಅನ್ನುತ್ತಿದ್ದೆ.

ಈ ನಲವತ್ತೊಂದರ ಜಾಹೀರಾತುಗಳನ್ನು ನಕಲು ಮಾಡಿ ಇಟ್ಟುಕೊಂಡಿದ್ದೇನೆ. ಸಂದರ್ಶನದ ಹೊತ್ತಿಗೆ ಪುಟವೇ ಮಾಯವಾಗುವುದುಂಟು, ಹಾಗಾಗಿ ಅದೊಂದು ಅಭ್ಯಾಸ. ಈಗ ಓದಿದರೆ ನಗು ಬರುತ್ತದೆ. ಅಭ್ಯರ್ಥಿಗೆ ‘ಅತ್ಯುತ್ತಮ ಸಂವಹನ ಕೌಶಲ’ ಇರಬೇಕು. ಅವರ ಮೇಲ್ ಬಂದ ವಿಳಾಸ `noreply`. ಅಭ್ಯರ್ಥಿ ಸಂದರ್ಶನಕ್ಕೆ ಐದು ನಿಮಿಷ ಮೊದಲೇ ಬರಬೇಕು. ಉತ್ತರ ಐದು ವಾರವಾದರೂ ಬರಬೇಕಾಗಿಲ್ಲ. ಕೆಲಸ ಬಿಡುವವನು ತೊಂಬತ್ತು ದಿನ ಮೊದಲೇ ನೋಟಿಸ್ ಕೊಡಬೇಕು. ಇವರು ‘ಬೇಡ’ ಅನ್ನಲು ಒಂದು ಸಾಲು ಕೊಡಲಾರರು.

ತಿರಸ್ಕರಿಸಿದ ಹದಿನಾಲ್ಕು ಜನರ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲ ಅಂದರು, ಸಾಲು ಮುಚ್ಚಿತು. ಈ ಊರಿನಲ್ಲಿ ಅದೇ ದೊಡ್ಡ ಸೌಜನ್ಯ.

ಇವತ್ತು ಬೆಳಗ್ಗೆ ಒಂದು ಕನ್ಸಲ್ಟೆನ್ಸಿಯಿಂದ ಫೋನ್ ಬಂತು. ಒಳ್ಳೆಯ ಹುದ್ದೆ ಇದೆ ಸರ್, ಇಮಿಡಿಯೆಟ್ ಜಾಯಿನರ್ ಬೇಕು, ಕ್ಲೈಂಟಿಗೆ ತುಂಬಾ ಅರ್ಜೆಂಟು ಅಂದರು. ಕಂಪನಿ ಯಾವುದು ಎಂದು ಕೇಳಿದೆ.

ಸಾಲು ಹದಿನೇಳು.